2013ರಲ್ಲಿ ಬಂಗಾರ ಬಿದ್ದದ್ದು ಯಾಕೆ, ಸರಾಫ್ ಬಜಾರಿನಲ್ಲಿ ಅದು ಅರ್ಧಕ್ಕೇ ನಿಂತದ್ದು ಯಾಕೆ

2013ರ ಯುಗಾದಿ ಏಪ್ರಿಲ್ 11, ಗುರುವಾರ. ಕಲಬುರಗಿ ಆಗಿನ್ನೂ ಗುಲ್ಬರ್ಗ. ತೊಗರಿ ಮಾರಿದ ರೊಕ್ಕ ಕೈಯಲ್ಲಿತ್ತು, ಬಸವ ಜಯಂತಿ ಆಸುಪಾಸಿನ ಲಗ್ನಗಳಿಗೆ ಬಂಗಾರ ಹಾಕಿಸುವ ಹೊತ್ತು. ಹಬ್ಬದ ದಿನ ನ್ಯೂಯಾರ್ಕ್ ವಾಯಿದಾ ಪೇಟೆಯಲ್ಲಿ, ಅಂದರೆ ಮುಂದಿನ ತಾರೀಖಿನ ಮಾಲಿಗೆ ಇಂದೇ ದರ ಕುದುರಿಸುವ ಪೇಟೆಯಲ್ಲಿ, ಒಂದು ಔನ್ಸ್ ಬಂಗಾರ 1,564.90 ಡಾಲರಿಗೆ ಮುಗಿಯಿತು. ಮರುದಿನ 1,501.40. ಶನಿವಾರ, ರವಿವಾರ ಅಲ್ಲಿ ರಜೆ. ಸೋಮವಾರ ಸಂಜೆ ಲೆಕ್ಕ ಮುಗಿದಾಗ 1,361.10. ಎರಡು ವಹಿವಾಟಿನ ದಿನಗಳಲ್ಲಿ ಶೇ 13 ಹೋಯಿತು. ಅಷ್ಟು ದೊಡ್ಡ ಕುಸಿತವನ್ನು ಆ ಪೇಟೆ ಮೂವತ್ತು ವರ್ಷಗಳಲ್ಲಿ ಕಂಡಿರಲಿಲ್ಲ.

ಈಗ ಹತ್ತು ಗ್ರಾಮಿಗೆ ಲಕ್ಷ ದಾಟಿದ ಮೇಲೆ "ಹದಿಮೂರರಾಗ ಬಿದ್ದಂಗ ಮತ್ತ ಬೀಳ್ತದೇನ್ರಿ?" ಎಂಬ ಪ್ರಶ್ನೆ ಸರಾಫ್ ಬಜಾರಿನಲ್ಲಿ ಮತ್ತೆ ಕೇಳುತ್ತಿದೆ. ಉತ್ತರ ಬೇಕಿದ್ದರೆ ಅಂದು ಬಿದ್ದದ್ದು ಯಾಕೆ ಎಂದು ಮೊದಲು ಬಿಡಿಸಿಕೊಳ್ಳಬೇಕು. ಆ ವಾರದ ಪತ್ರಿಕೆಗಳು ಕೊಟ್ಟ ಕಾರಣ ಒಂದು, ನಿಜವಾಗಿ ಕೆಲಸ ಮಾಡಿದ ಕಾರಣ ಇನ್ನೊಂದು.

ಪತ್ರಿಕೆಗಳು ಹೇಳಿದ್ದು ಸೈಪ್ರಸ್ ಕಥೆ. ದಿವಾಳಿ ಅಂಚಿನಲ್ಲಿದ್ದ ಆ ಪುಟ್ಟ ದೇಶ ಸಾಲ ಪಡೆಯಬೇಕಾದರೆ ತನ್ನ ಬಂಗಾರ ಮಾರಿ ಸುಮಾರು 40 ಕೋಟಿ ಯೂರೋ ಹೊಂದಿಸಬೇಕು ಎಂಬ ಕರಡು ಏಪ್ರಿಲ್ 10ರಂದು ಹೊರಬಿತ್ತು. ಸೈಪ್ರಸ್ ಬಳಿ ಇದ್ದದ್ದೇ 13.9 ಟನ್. ಆ ದಿನದ ದರದಲ್ಲಿ 40 ಕೋಟಿ ಯೂರೋ ಎಂದರೆ ಸುಮಾರು ಹತ್ತೂವರೆ ಟನ್. ವರ್ಷಕ್ಕೆ ಸಾವಿರಾರು ಟನ್ ಕೈ ಬದಲಾಗುವ ಪೇಟೆಗೆ ಇದು ಸಮುದ್ರಕ್ಕೆ ಸುರಿದ ಒಂದು ಕೊಡ. ಸೈಪ್ರಸ್ ನಾಳೆ ಇಟಲಿ ಆದರೆ ಎಂಬ ದಿಗಿಲಿಗೆ ಅರ್ಥವಿತ್ತು, ಯಾಕೆಂದರೆ ಇಟಲಿ ಬಳಿ 2,400 ಟನ್ನಿಗೂ ಹೆಚ್ಚು ಬಂಗಾರ ಇದೆ. ಆದರೆ ಇಟಲಿ ಮಾರಲಿಲ್ಲ, ಕೊನೆಗೆ ಸೈಪ್ರಸ್ಸೂ ಮಾರಲಿಲ್ಲ. ಸುದ್ದಿ ಸುಳ್ಳಾದ ಮೇಲೂ ದರ ಮೇಲೆ ಬರಲಿಲ್ಲ ಎಂದರೆ ಕಾರಣ ಬೇರೆ ಕಡೆ ಹುಡುಕಬೇಕು.

2001ರ ಹೊತ್ತಿಗೆ ಔನ್ಸಿಗೆ 260–270 ಡಾಲರ್ ಆಸುಪಾಸಿನಲ್ಲಿದ್ದ ಬಂಗಾರ 2011ರ ಸೆಪ್ಟೆಂಬರ್ ಮೊದಲ ವಾರದಲ್ಲಿ ಲಂಡನ್ ದರದಲ್ಲಿ 1,895 ಡಾಲರಿಗೆ ಏರಿತ್ತು. ಈ ಏರಿಕೆಯ ಕೊನೆಯ ಮೂರು ವರ್ಷ ಒಂದು ನಂಬಿಕೆಯ ಮೇಲೆ ನಿಂತಿದ್ದವು. 2008ರ ಕುಸಿತದ ನಂತರ ಅಮೆರಿಕದ ಕೇಂದ್ರ ಬ್ಯಾಂಕು ಫೆಡರಲ್ ರಿಸರ್ವ್ ಬಡ್ಡಿಯನ್ನು ಸೊನ್ನೆಗೆ ತಂದು, ಹೊಸ ಹಣ ಸೃಷ್ಟಿಸಿ ಬಾಂಡ್ ಕೊಳ್ಳುತ್ತಿತ್ತು. ಇಷ್ಟು ಹಣ ಸುರಿದ ಮೇಲೆ ಬೆಲೆಗಳು ಉರಿದೇ ಉರಿಯುತ್ತವೆ, ಡಾಲರ್ ಸವೆಯುತ್ತದೆ, ಆಗ ಉಳಿಯುವುದು ಬಂಗಾರ ಎಂಬುದೇ ಆ ನಂಬಿಕೆ.

ನಂಬಿಕೆಗೆ ಒಂದು ಗಟ್ಟಿ ಲೆಕ್ಕವೂ ಆಧಾರವಾಗಿತ್ತು. ಬಂಗಾರ ಬೀಳುಬಿಟ್ಟ ಹೊಲ ಇದ್ದಂತೆ, ಇಟ್ಟುಕೊಂಡರೆ ಬೆಳೆ ಬರುವುದಿಲ್ಲ. ಸುತ್ತಲಿನ ಹೊಲಗಳಿಗೆ ಎಕರೆಗೆ ಒಳ್ಳೆ ಲಾವಣಿ ಸಿಗುತ್ತಿದ್ದರೆ ಹೊಲ ಬೀಳು ಬಿಟ್ಟವನಿಗೆ ನಷ್ಟ. ಲಾವಣಿಯೇ ಇಲ್ಲದ ಕಾಲದಲ್ಲಿ ಬೀಳು ಬಿಟ್ಟರೂ ಏನೂ ಹೋಗುವುದಿಲ್ಲ. ಬಂಗಾರದ ಪಾಲಿಗೆ ಈ ಲಾವಣಿ ಎಂದರೆ ಹಣದುಬ್ಬರ ಕಳೆದ ಮೇಲೆ ಅಮೆರಿಕದ ಸರ್ಕಾರಿ ಬಾಂಡಿನಲ್ಲಿ ಉಳಿಯುವ ಬಡ್ಡಿ, ಅಂದರೆ ನೈಜ ಬಡ್ಡಿ. ಹಣದುಬ್ಬರಕ್ಕೆ ಜೋಡಿಸಿದ ಹತ್ತು ವರ್ಷದ ಬಾಂಡಿನಿಂದ ಇದನ್ನು ನೇರವಾಗಿ ಓದಬಹುದು. 2012ರ ಕೊನೆಗೆ ಅದು ಸೊನ್ನೆಗಿಂತ ಕೆಳಗೆ, ಮೈನಸ್ ಶೇ 0.8ರ ಹತ್ತಿರ ಇತ್ತು. ಸರ್ಕಾರಕ್ಕೆ ಸಾಲ ಕೊಟ್ಟವನೇ ಕೈಯಿಂದ ಕಳೆದುಕೊಳ್ಳುವ ಸ್ಥಿತಿ. ಹಾಗಿರುವಾಗ ಬಡ್ಡಿ ಹುಟ್ಟದ ಬಂಗಾರವೇ ಲಾಭದ ಮಾಲು.

ಆದರೆ ಕಾಯುತ್ತಿದ್ದ ಹಣದುಬ್ಬರ ಬರಲೇ ಇಲ್ಲ. 2013ರ ವಸಂತದಲ್ಲಿ ಅಮೆರಿಕದ ಗ್ರಾಹಕ ಬೆಲೆ ಏರಿಕೆ ಶೇ 2ಕ್ಕಿಂತ ಕೆಳಗೇ ಇತ್ತು. ಅಷ್ಟರಲ್ಲಿ ಪೇಟೆ ಒಂದು ಸೂಚನೆ ಕೊಟ್ಟಾಗಿತ್ತು, ಗಮನಿಸಿದವರು ಕಡಿಮೆ. 2012ರ ಸೆಪ್ಟೆಂಬರ್‌ನಲ್ಲಿ ಫೆಡ್ ಮೂರನೇ ಸುತ್ತಿನ ಬಾಂಡ್ ಖರೀದಿ ಘೋಷಿಸಿತು, ಡಿಸೆಂಬರ್‌ನಲ್ಲಿ ಅದನ್ನು ತಿಂಗಳಿಗೆ 8,500 ಕೋಟಿ ಡಾಲರಿಗೆ ಏರಿಸಿತು. ಬಂಗಾರಕ್ಕೆ ಇದಕ್ಕಿಂತ ಸಿಹಿ ಸುದ್ದಿ ಇಲ್ಲ. ದರ ಅಕ್ಟೋಬರ್ ಶುರುವಿನಲ್ಲಿ 1,790ರ ಹತ್ತಿರ ಹೋಯಿತು, 2011ರ ಎತ್ತರ ಮುಟ್ಟದೆ ತಿರುಗಿತು. ಮಳೆ ಕೈಕೊಟ್ಟ ಸುದ್ದಿ ಬಂದರೂ ತೊಗರಿ ದರ ಏರದಿದ್ದರೆ ಎಪಿಎಂಸಿ ಅಡತಿಗೆ ಅನುಮಾನ ಬರುತ್ತದೆ: ಕೊಳ್ಳಬೇಕಾದವರೆಲ್ಲ ಆಗಲೇ ಕೊಂಡು ಗೋದಾಮು ತುಂಬಿಸಿದ್ದಾರೆ. ಬಂಗಾರದಲ್ಲೂ ಆಗಿದ್ದು ಅದೇ.

ಆ ಗೋದಾಮು ಎಲ್ಲಿತ್ತು ಎಂಬುದು ಈ ಕುಸಿತದ ಮುಖ್ಯ ಸಂಗತಿ. ನಮ್ಮಲ್ಲಿ ಬಂಗಾರ ಎಂದರೆ ಮೈಮೇಲೆ, ಇಲ್ಲವೆ ತಿಜೋರಿಯಲ್ಲಿ. ಮಾರಬೇಕಾದರೆ ಮನೆಯಲ್ಲಿ ನಾಲ್ಕು ಮಾತು ಆಗಬೇಕು, ಸವಕಳಿ ಮುರಿದುಕೊಳ್ಳುತ್ತಾರೆ, ಮಜೂರಿ ಪೂರಾ ಹೋಗುತ್ತದೆ. ಆದ್ದರಿಂದ ದರ ಇಳಿದಾಗ ಯಾರೂ ಓಡುವುದಿಲ್ಲ. ಪಾಶ್ಚಾತ್ಯ ಹೂಡಿಕೆದಾರರು 2004ರಿಂದ ಈಚೆಗೆ ಕೊಂಡದ್ದು ಬೇರೆ ಥರದ ಬಂಗಾರ, ಇಟಿಎಫ್ ಎಂಬ ಕಾಗದದ್ದು. ಷೇರಿನಂತೆ ಒಂದು ಗುಂಡಿ ಒತ್ತಿ ಕೊಳ್ಳಬಹುದು, ಒಂದು ಗುಂಡಿ ಒತ್ತಿ ಮಾರಬಹುದು. ಕಾಗದ ಎಂದರೂ ಹಿಂದೆ ನಿಜವಾದ ಮಾಲು ಇರುತ್ತದೆ. ಷೇರು ಮಾರುವವರು ಹೆಚ್ಚಾದಾಗ ದೊಡ್ಡ ದಲ್ಲಾಳಿ ಸಂಸ್ಥೆಗಳು ಆ ಷೇರುಗಳನ್ನು ಒಟ್ಟುಮಾಡಿ ನಿಧಿಗೆ ಮರಳಿಸುತ್ತವೆ, ಬದಲಿಗೆ ಲಂಡನ್ ಕೋಠಿಯಿಂದ 400 ಔನ್ಸಿನ, ಅಂದರೆ ಸುಮಾರು ಹನ್ನೆರಡೂವರೆ ಕಿಲೋ ತೂಕದ ಗಟ್ಟಿಗಳು ಹೊರಗೆ ಬಂದು ಪೇಟೆಗೆ ಬೀಳುತ್ತವೆ.

ಇಂಥ ನಿಧಿಗಳಲ್ಲಿ ಅತಿ ದೊಡ್ಡದು ಎಸ್‌ಪಿಡಿಆರ್ ಗೋಲ್ಡ್ ಟ್ರಸ್ಟ್. 2012ರ ಡಿಸೆಂಬರ್‌ನಲ್ಲಿ ಅದರ ಕೈಯಲ್ಲಿ ಸುಮಾರು 1,350 ಟನ್ ಇತ್ತು. ಮಾರ್ಚ್ ಕೊನೆಗೆ 1,220. ಸೈಪ್ರಸ್ ಬಂಗಾರ ಮಾರುವ ಸುದ್ದಿ ಹೊರಬೀಳುವ ಮೊದಲೇ, ಒಂದೇ ನಿಧಿಯಿಂದ 130 ಟನ್ ಹೊರಬಿದ್ದಿತ್ತು. ಸೈಪ್ರಸ್ ಮಾರಬಹುದಾಗಿದ್ದ ಬಂಗಾರದ ಹನ್ನೆರಡು ಪಟ್ಟು. ವರ್ಷದ ಕೊನೆಗೆ ಅದರಲ್ಲಿ ಉಳಿದದ್ದು 800 ಟನ್ನಿಗೂ ತುಸು ಕಡಿಮೆ. ಈ ಅಂಕಿ ನಿಧಿಯ ಜಾಲತಾಣದಲ್ಲಿ ದಿನಾ ಪ್ರಕಟವಾಗುತ್ತಿತ್ತು, ಈಗಲೂ ಆಗುತ್ತದೆ. ಅಂದು ನೋಡಬೇಕಿದ್ದದ್ದು ಅದನ್ನು.

ಸೋರುತ್ತಿದ್ದ ಗೋದಾಮು ಎರಡೇ ದಿನದಲ್ಲಿ ಕುಸಿದದ್ದಕ್ಕೆ ಕಾರಣ ವಾಯಿದಾ ಪೇಟೆಯ ಮಾರ್ಜಿನ್, ಅಂದರೆ ಮುಂಗಡ. ಇದನ್ನು ಒಂದೇ ಒಪ್ಪಂದ ಹಿಡಿದು ನೋಡೋಣ. ನ್ಯೂಯಾರ್ಕ್‌ನ ಒಂದು ವಾಯಿದಾ ಒಪ್ಪಂದ 100 ಔನ್ಸಿನದು. ಯುಗಾದಿ ದಿನದ ದರದಲ್ಲಿ ಅದರ ಬೆಲೆ 1,56,490 ಡಾಲರ್. ಕೊಳ್ಳುವವನು ಅಷ್ಟೂ ಕಟ್ಟಬೇಕಿಲ್ಲ, 5,940 ಡಾಲರ್ ಮುಂಗಡ ಇಟ್ಟರೆ ಸಾಕಿತ್ತು. ನೂರಕ್ಕೆ ನಾಲ್ಕೂ ಇಲ್ಲ. ಶುಕ್ರವಾರ ಔನ್ಸಿಗೆ 63.50 ಡಾಲರ್ ಇಳಿಯಿತು, ಒಪ್ಪಂದಕ್ಕೆ 6,350 ಡಾಲರ್ ನಷ್ಟ. ಇಟ್ಟ ಮುಂಗಡ ಒಂದೇ ದಿನದಲ್ಲಿ ಪೂರಾ ಹೋಗಿ ಮೇಲೆ 410 ಡಾಲರ್ ಬಾಕಿ. ಮತ್ತೆ ಮುಂಗಡ ತುಂಬಬೇಕು, ಇಲ್ಲವಾದರೆ ದಲ್ಲಾಳಿ ತಾನೇ ಮಾರಿಬಿಡುತ್ತಾನೆ. ಆ ಮಾರಾಟಕ್ಕೆ ದರ ಇನ್ನೂ ಇಳಿಯುತ್ತದೆ, ಇಳಿದಾಗ ಪಕ್ಕದವನ ಮುಂಗಡ ಹೋಗುತ್ತದೆ. ಸೋಮವಾರ 140.30 ಇಳಿದು ಒಪ್ಪಂದಕ್ಕೆ ಇನ್ನೂ 14,030 ಡಾಲರ್ ಹೋಯಿತು. ಅದೇ ಸೋಮವಾರ ವಿನಿಮಯ ಕೇಂದ್ರ ಮುಂಗಡವನ್ನು 7,040ಕ್ಕೆ ಏರಿಸುವುದಾಗಿ ಘೋಷಿಸಿತು. ನಿಯಮದ ದೃಷ್ಟಿಯಿಂದ ಸರಿ, ಉರಿಯುವ ಮನೆಗೆ ಗಾಳಿ ಹಾಕಿದ್ದೂ ಹೌದು.

ಎಲ್ಲರೂ ಒಂದೇ ಬಾಗಿಲಿಗೆ ನುಗ್ಗಿದ್ದಕ್ಕೂ ಕಾರಣವಿದೆ. 2011ರ ಸೆಪ್ಟೆಂಬರ್, ಅದೇ ಡಿಸೆಂಬರ್, 2012ರ ಮೇ, ಈ ಮೂರು ಸಲವೂ ದರ 1,520ರಿಂದ 1,535ರ ನಡುವೆ ಇಳಿದು ಪುಟಿದಿತ್ತು. ಆದ್ದರಿಂದ ಸಾವಿರಾರು ವ್ಯಾಪಾರಿಗಳು "1,520ರ ಕೆಳಗೆ ಹೋದರೆ ತಾನಾಗಿ ಮಾರು" ಎಂಬ ಸ್ಟಾಪ್‌ಲಾಸ್ ಆದೇಶವನ್ನು ಹೆಚ್ಚುಕಡಿಮೆ ಒಂದೇ ಗೆರೆಯಲ್ಲಿ ಇಟ್ಟಿದ್ದರು. ಶುಕ್ರವಾರ ದೊಡ್ಡ ದೊಡ್ಡ ಮಾರಾಟದ ಆದೇಶಗಳು ಆ ಗೆರೆ ಮುರಿದವು, ಉಳಿದದ್ದನ್ನು ಯಂತ್ರಗಳು ಮಾಡಿದವು. ಯಾರೋ ಬೇಕೆಂದೇ ಮುರಿದರು ಎನ್ನುವ ವಾದ ಇವತ್ತಿಗೂ ಓಡಾಡುತ್ತದೆ. ಮುರಿದಿರಲೂಬಹುದು, ಆದರೆ ಅದರಿಂದ ಎರಡು ದಿನದ ವೇಗ ಅರ್ಥವಾಗುತ್ತದೆಯೇ ಹೊರತು ಮುಂದಿನ ಎರಡೂವರೆ ವರ್ಷದ ಇಳಿತ ಅಲ್ಲ. ದೂಡಿ ಬೀಳಿಸಿದ ದರ ಆಗಿದ್ದರೆ ಒಂದೆರಡು ತಿಂಗಳಲ್ಲಿ ಎದ್ದು ಕೂರಬೇಕಿತ್ತು.

ಏಳಲಿಲ್ಲ, ಯಾಕೆಂದರೆ ಲಾವಣಿ ಏರತೊಡಗಿತು. ಮೇ 22ರಂದು ಫೆಡ್ ಅಧ್ಯಕ್ಷ ಬೆನ್ ಬರ್ನಾಂಕಿ ಅಮೆರಿಕದ ಸಂಸತ್ತಿನ ಮುಂದೆ, ಮುಂಬರುವ ಸಭೆಗಳಲ್ಲಿ ಬಾಂಡ್ ಖರೀದಿಯ ವೇಗ ಕಡಿಮೆ ಮಾಡಬಹುದು ಎಂದರು. ಜೂನ್ 19ರಂದು ಅದನ್ನೇ ಇನ್ನಷ್ಟು ಬಿಡಿಸಿ ಹೇಳಿದರು. ಖರೀದಿ ನಿಜವಾಗಿ ಕಡಿಮೆಯಾದದ್ದು 2014ರ ಜನವರಿಯಿಂದ, ಪೇಟೆ ಅಷ್ಟು ದಿನ ಕಾಯಲಿಲ್ಲ. ಮೈನಸ್ ಇದ್ದ ನೈಜ ಬಡ್ಡಿ ಸೆಪ್ಟೆಂಬರ್ ಹೊತ್ತಿಗೆ ಶೇ 0.9ರ ಹತ್ತಿರ ಬಂತು. ಒಂದೂವರೆ ಶೇಕಡಕ್ಕೂ ಹೆಚ್ಚಿನ ಈ ತಿರುವು ಬೀಳು ಹೊಲ ಇಟ್ಟುಕೊಂಡವನ ಲೆಕ್ಕವನ್ನೇ ತಲೆಕೆಳಗು ಮಾಡಿತು. ಜೂನ್ 28ಕ್ಕೆ ಬಂಗಾರ 1,180ರ ಹತ್ತಿರ ಮುಟ್ಟಿತು. ವರ್ಷದ ಒಟ್ಟು ಇಳಿತ ಶೇ 28.

ಇನ್ನು ನಮ್ಮ ಕಡೆಯ ಲೆಕ್ಕ. ಹತ್ತು ಗ್ರಾಮಿನ ದರ ಹೇಗೆ ಹುಟ್ಟುತ್ತದೆ ಎಂಬುದು ಗುಟ್ಟಲ್ಲ. ಔನ್ಸಿನ ಡಾಲರ್ ದರವನ್ನು ರೂಪಾಯಿ ದರದಿಂದ ಗುಣಿಸಿ, ಒಂದು ಔನ್ಸಿನ ಗ್ರಾಮುಗಳಾದ 31.1035ರಿಂದ ಭಾಗಿಸಿ, ಹತ್ತರಿಂದ ಗುಣಿಸಿ, ಮೇಲೆ ಆಮದು ಸುಂಕ ಸೇರಿಸಿದರೆ 24 ಕ್ಯಾರೆಟ್ಟಿನ ದರ ಬರುತ್ತದೆ. ಅದನ್ನು 22ರಿಂದ ಗುಣಿಸಿ 24ರಿಂದ ಭಾಗಿಸಿದರೆ ಒಡವೆ ಬಂಗಾರದ್ದು. ಮಾರಾಟ ತೆರಿಗೆ, ಬ್ಯಾಂಕಿನ ಪ್ರೀಮಿಯಂ ಆಮೇಲೆ. ಯುಗಾದಿ ದಿನ ಡಾಲರ್ ಸುಮಾರು 54.50 ರೂಪಾಯಿ, ಸುಂಕ ಶೇ 6. ಲೆಕ್ಕ ಹಾಕಿದರೆ ಹತ್ತು ಗ್ರಾಮಿಗೆ 29,000 ಚಿಲ್ಲರೆ. ಸೋಮವಾರದ ಡಾಲರ್ ದರ ಹಾಕಿದರೆ 25,300ರ ಸುಮಾರು. ಪೇಟೆಯ ದರ ಇದಕ್ಕಿಂತ ತುಸು ಮೇಲೆಯೇ ಇತ್ತು, ಆದರೂ ತೊಲಕ್ಕೆ ಮೂರು ಸಾವಿರಕ್ಕೂ ಹೆಚ್ಚು ಇಳಿದದ್ದು ಖರೆ. (ಇಲ್ಲಿ ತೊಲ ಎಂದರೆ ಅಂಗಡಿಯ ಹತ್ತು ಗ್ರಾಮಿನ ತೊಲ. ಅಜ್ಜಿಯರ ತೊಲ 11.66 ಗ್ರಾಮಿನದು. ಹಳೇ ಚೀಟಿ ಇಟ್ಟುಕೊಂಡು ದರ ಹೋಲಿಸುವವರು ಇಲ್ಲಿಯೇ ಎಡವುತ್ತಾರೆ.)

ಈಗ ಆಗಸ್ಟ್ 28ಕ್ಕೆ ಬನ್ನಿ. ಔನ್ಸಿಗೆ ಸುಮಾರು 1,420 ಡಾಲರ್, ಯುಗಾದಿಗಿಂತ ಇನ್ನೂ 145 ಡಾಲರ್ ಕೆಳಗೆ. ಆದರೆ ಡಾಲರ್ 68 ರೂಪಾಯಿ ದಾಟಿತ್ತು, ಸುಂಕ ಶೇ 10 ಆಗಿತ್ತು. 68.50 ಹಿಡಿದು ಅದೇ ಸೂತ್ರ ಹಾಕಿ: 34,400. ಪೇಟೆಯೂ ಆ ದಿನ 34,000ದ ಆಸುಪಾಸಿನಲ್ಲೇ ಇತ್ತು, ಅದುವರೆಗಿನ ದಾಖಲೆ. "ಟಿವಿದಾಗ ಬಂಗಾರ ಬಿದ್ದದ ಅಂತಾರ, ನಿಮ್ಮ ಬೋರ್ಡಿನ್ಯಾಗ ಯಾಕ ಏರ್ಯದ್ರಿ ಸಾವ್ಕಾರ್ರ?" ಎಂದು ಗಿರಾಕಿ ಕೇಳಿದರೆ ಅಂಗಡಿಯವನು ಸುಳ್ಳು ಹೇಳುತ್ತಿರಲಿಲ್ಲ, ಟಿವಿಯೂ ಸುಳ್ಳು ಹೇಳುತ್ತಿರಲಿಲ್ಲ.

ಇದನ್ನು ಕಾಕತಾಳೀಯ ಎಂದು ಬಿಟ್ಟರೆ ಇಡೀ ವಿಷಯವೇ ತಪ್ಪಿಹೋಗುತ್ತದೆ. ಡಾಲರಿನಲ್ಲಿ ಬಂಗಾರವನ್ನು ಕೆಳಗೆ ಒತ್ತಿದ ಕೈ ಯಾವುದೋ ರೂಪಾಯಿಯನ್ನು ಕೆಳಗೆ ಒತ್ತಿದ್ದೂ ಅದೇ. ಅಮೆರಿಕದಲ್ಲಿ ಬಡ್ಡಿ ಸಿಗುವುದಾದರೆ ಭಾರತದಲ್ಲಿ ಯಾಕಿರಬೇಕು ಎಂದು ವಿದೇಶಿ ಹಣ ಮೇ 22ರ ನಂತರ ವಾಪಸು ಹೊರಟಿತು. ನಮ್ಮ ಸ್ಥಿತಿಯೂ ನೆಟ್ಟಗಿರಲಿಲ್ಲ: 2012–13ರಲ್ಲಿ ಚಾಲ್ತಿ ಖಾತೆ ಕೊರತೆ, ಅಂದರೆ ಆಮದು ಮೊದಲಾದವಕ್ಕೆ ಕೊಟ್ಟದ್ದು ರಫ್ತು ಮೊದಲಾದವುಗಳ ಗಳಿಕೆಯನ್ನು ಮೀರಿದ ಮೊತ್ತ, ಒಟ್ಟು ದೇಶೀಯ ಉತ್ಪನ್ನದ ಶೇ 4.8, ಅಂದರೆ ಸುಮಾರು 8,800 ಕೋಟಿ ಡಾಲರ್. ಅದರಲ್ಲಿ ಬಂಗಾರದ ಆಮದಿಗೇ ದೊಡ್ಡ ಪಾಲು. ಅದರ ಮೇಲೆ ಏಪ್ರಿಲ್‌ನ ಅಗ್ಗದ ದರ ಕಂಡು ಜನ ಅಂಗಡಿಗೆ ಮುಗಿಬಿದ್ದರು, ಮೇ ತಿಂಗಳೊಂದರಲ್ಲೇ ದೇಶಕ್ಕೆ 160 ಟನ್ನಿಗೂ ಹೆಚ್ಚು ಬಂಗಾರ ಬಂತು. ಅಷ್ಟಕ್ಕೂ ಡಾಲರ್ ಕೊಡಬೇಕು. ಅಗ್ಗವಾಯಿತೆಂದು ಕೊಂಡದ್ದೇ ಬಂಗಾರವನ್ನು ತುಟ್ಟಿ ಮಾಡುವ ದಾರಿಯಾಯಿತು.

ಸರ್ಕಾರ ಸುಂಕದ ಬೇಲಿ ಎತ್ತರಿಸಿತು. ಜನವರಿಯಲ್ಲಿ ಶೇ 4ರಿಂದ 6, ಜೂನ್ 5ಕ್ಕೆ 8, ಆಗಸ್ಟ್ 13ಕ್ಕೆ 10. ಜುಲೈ 22ರಂದು ರಿಸರ್ವ್ ಬ್ಯಾಂಕ್ 80:20 ನಿಯಮ ತಂದಿತು, ಅಂದರೆ ತರಿಸಿದ ಬಂಗಾರದಲ್ಲಿ ಐದನೇ ಒಂದು ಪಾಲು ಒಡವೆಯಾಗಿ ರಫ್ತಾಗದೆ ಮುಂದಿನ ಕಂತು ತರಿಸುವಂತಿಲ್ಲ. ಮಾಲು ಬರುವುದೇ ಕಷ್ಟವಾಗಿ, ವರ್ಷದ ಕೊನೆಗೆ ಲಂಡನ್ ದರದ ಮೇಲೆ ಔನ್ಸಿಗೆ 100 ಡಾಲರಿಗೂ ಹೆಚ್ಚು ಪ್ರೀಮಿಯಂ ಕೊಟ್ಟು ಕೊಳ್ಳುವ ಪರಿಸ್ಥಿತಿ ಬಂತು. ಸೂತ್ರ ಹಾಕಿ ಬರುವ ದರಕ್ಕೂ ಅಂಗಡಿಯ ದರಕ್ಕೂ ಅಂತರ ಹೀಗೆ ಹಿಗ್ಗಿದರೆ ಆಮದಿನ ದಾರಿ ಎಲ್ಲೋ ಕಟ್ಟಿದೆ ಎಂದೇ ಅರ್ಥ. ಕಳ್ಳದಾರಿ ತೆರೆದುಕೊಳ್ಳುವುದೂ ಆಗಲೇ. ಆ ನಿಯಮವನ್ನು 2014ರ ನವೆಂಬರ್‌ನಲ್ಲಿ ಹಿಂತೆಗೆದುಕೊಂಡರು.

ಬಂಗಾರ ಕೊಂಡವರನ್ನು ರೂಪಾಯಿ ಕಾಪಾಡಿತು, ಸರಿ. ಒತ್ತಿ ಇಟ್ಟವರ, ಅದಕ್ಕಿಂತ ಹೆಚ್ಚಾಗಿ ಒತ್ತಿ ಇಟ್ಟುಕೊಂಡವರ ಕಥೆ ಬೇರೆ. ಅವರಿಗೆ ಆಗಸ್ಟ್ ತನಕ ಕಾಯುವ ಪುರುಸೊತ್ತು ಇರಲಿಲ್ಲ. ಒಂದು ಲೆಕ್ಕ ನೋಡಿ. 2011ರ ನವೆಂಬರ್‌ನಲ್ಲಿ ಹತ್ತು ಗ್ರಾಮಿಗೆ 28,500 ಇದ್ದಾಗ ಬಿತ್ತನೆ ಖರ್ಚಿಗೋ ಆಸ್ಪತ್ರೆಗೋ ಐದು ತೊಲದ 22 ಕ್ಯಾರೆಟ್ ಒಡವೆ ಒತ್ತಿ ಇಟ್ಟರೆ ಅದರ ಬೆಲೆ 1,30,600. ಆ ಕಾಲದಲ್ಲಿ ಬಂಗಾರ ಸಾಲದ ಕಂಪನಿಗಳು ಬೆಲೆಯ ಶೇ 85ರವರೆಗೂ ಕೊಡುತ್ತಿದ್ದವು, ಕೈಗೆ 1,11,000. ತಿಂಗಳಿಗೆ ಎರಡು ರೂಪಾಯಿ ಬಡ್ಡಿ ಹಿಡಿದು, ನಡುವೆ ಏನೂ ಕಟ್ಟದೆ 17 ತಿಂಗಳು ಕಳೆದರೆ 2013ರ ಏಪ್ರಿಲ್‌ಗೆ ಬಾಕಿ 1,48,700. ಆದರೆ 25,300ರ ದರದಲ್ಲಿ ಆ ಒಡವೆಯ ಬೆಲೆ 1,16,000 ಮಾತ್ರ. ಬಿಡಿಸಿಕೊಳ್ಳಲು ಹೋಗುವುದೇ ನಷ್ಟ, ಆದ್ದರಿಂದ ಸಾಲಗಾರ ಹೋಗುವುದಿಲ್ಲ. ಹರಾಜು ಹಾಕಿದರೂ ಕೊಟ್ಟವನಿಗೆ 32,700 ಕಡಿಮೆ. ಇದೇ ಸಾಲ ಶೇ 60ರ ಮಿತಿಯಲ್ಲಿ ಕೊಟ್ಟದ್ದಾಗಿದ್ದರೆ ಬಾಕಿ 1,05,000, ಒಡವೆ ಇನ್ನೂ ಸಾಲಕ್ಕಿಂತ ಮೇಲೆ. 2012ರ ಮಾರ್ಚ್‌ನಲ್ಲಿ ರಿಸರ್ವ್ ಬ್ಯಾಂಕ್ ಈ ಕಂಪನಿಗಳಿಗೆ ಹೇರಿದ ಮಿತಿ ನಿಖರವಾಗಿ ಆ ಶೇ 60. ಹೇರಿದಾಗ ಕಂಪನಿಗಳು ಗೊಣಗಿದವು, ಹದಿಮೂರು ತಿಂಗಳ ನಂತರ ಅದರ ಬೆಲೆ ಗೊತ್ತಾಯಿತು.

ಡಾಲರಿನಲ್ಲಿ ಇಳಿತ 2015ರ ಡಿಸೆಂಬರ್‌ವರೆಗೆ ಮುಂದುವರಿದು ಲಂಡನ್ ದರ 1,049ಕ್ಕೆ ಬಂತು. 2011ರ ಎತ್ತರದಿಂದ ಶೇ 45 ಕೆಳಗೆ. ರೂಪಾಯಿಯಲ್ಲಿ ಆಗ ಹತ್ತು ಗ್ರಾಮಿಗೆ 25,000 ಆಸುಪಾಸು, 2012ರ ನವೆಂಬರ್‌ನ 32,000ಕ್ಕೆ ಹೋಲಿಸಿದರೆ ಶೇ 22ರಷ್ಟು ಇಳಿತ. ಅರ್ಧಕ್ಕೆ ನಿಂತಿತು ಎಂದದ್ದು ಇದನ್ನೇ. ಆದರೆ ಮೂರು ವರ್ಷ ಕಳೆದರೂ ಬಂಗಾರ ಮೊದಲಿದ್ದ ದರಕ್ಕಿಂತ ಕೆಳಗೇ ಇತ್ತು ಎಂಬುದನ್ನೂ ಈ ಲೆಕ್ಕಕ್ಕೆ ಸೇರಿಸಬೇಕು, ಅಷ್ಟು ದಿನ ಬ್ಯಾಂಕಿನ ಠೇವಣಿಗೆ ಬಡ್ಡಿ ಬರುತ್ತಲೇ ಇತ್ತು.

ಹಾಗಾದರೆ ನೈಜ ಬಡ್ಡಿ ಏರಿದರೆ ಬಂಗಾರ ಬಿದ್ದೇ ಬೀಳುತ್ತದೆಯೇ? ಇಲ್ಲಿ ಈ ವಿವರಣೆಗೆ ಒಂದು ಗಡಿ ಇದೆ. 2022ರಲ್ಲಿ ಅಮೆರಿಕದ ನೈಜ ಬಡ್ಡಿ 2013ಕ್ಕಿಂತ ಜೋರಾಗಿ ಏರಿತು, ಇಟಿಎಫ್‌ಗಳಿಂದ ಬಂಗಾರವೂ ಹೊರಬಿತ್ತು, ಆದರೂ ದರ ಆ ರೀತಿ ಕುಸಿಯಲಿಲ್ಲ. ಹೊರಬಿದ್ದ ಮಾಲನ್ನು ಹಿಡಿಯಲು ಈ ಸಲ ಕೇಂದ್ರ ಬ್ಯಾಂಕುಗಳು ನಿಂತಿದ್ದವು: 2022, 2023, 2024ರಲ್ಲಿ ವರ್ಷಕ್ಕೆ ಸಾವಿರ ಟನ್ನಿಗೂ ಮೇಲೆ ಕೊಂಡವು. 2013ರಲ್ಲಿ ಮಾಲು ಹಿಡಿದವರು ಮುಖ್ಯವಾಗಿ ಚೀನಾದ, ಭಾರತದ ಒಡವೆ ಗಿರಾಕಿಗಳು. ಲಂಡನ್ನಿನ 400 ಔನ್ಸಿನ ಗಟ್ಟಿಗಳು ಸ್ವಿಟ್ಜರ್ಲೆಂಡಿನಲ್ಲಿ ಕರಗಿ, ಕಿಲೋ ಬಿಸ್ಕತ್ತುಗಳಾಗಿ ಪೂರ್ವಕ್ಕೆ ಹರಿದವು. ಆದರೆ ಒಡವೆ ಗಿರಾಕಿ ದರ ಇಳಿದ ಮೇಲೆ ಬರುವವನು, ಇಳಿಯುವಾಗ ಅಡ್ಡ ನಿಲ್ಲುವವನಲ್ಲ. ಇಂದಿನ ದರ ನಿಂತಿರುವುದು ಕೇಂದ್ರ ಬ್ಯಾಂಕುಗಳ ಹೆಗಲ ಮೇಲೆ ಎಷ್ಟು, ಗುಂಡಿ ಒತ್ತಿ ಕೊಳ್ಳುವವರ ಹೆಗಲ ಮೇಲೆ ಎಷ್ಟು ಎಂಬುದೇ ಸರಾಫ್ ಬಜಾರಿನ ಪ್ರಶ್ನೆಯ ಹಿಂದಿನ ನಿಜವಾದ ಪ್ರಶ್ನೆ.

ಕಲಬುರಗಿಯ ಬೋರ್ಡು ಬೀಳಲು ನ್ಯೂಯಾರ್ಕ್ ಬೀಳಲೇಬೇಕು ಎಂದೇನೂ ಇಲ್ಲ. 2024ರ ಜುಲೈ 23ರ ಬಜೆಟ್ಟಿನಲ್ಲಿ ಆಮದು ಸುಂಕ ಶೇ 15ರಿಂದ 6ಕ್ಕೆ ಇಳಿಯಿತು. ಆ ದಿನ ಲಂಡನ್ನಿನಲ್ಲಿ ದರ ಹೆಚ್ಚೇನೂ ಅಲ್ಲಾಡಲಿಲ್ಲ. ಇಲ್ಲಿ ಮಾತ್ರ, ಮುಂಜಾನೆ ಕೊಂಡವರು ಸಂಜೆ ಚೀಟಿ ಹಿಡಿದು ಕೂರುವಂತೆ, ಹತ್ತು ಗ್ರಾಮಿಗೆ ಕೆಲವು ಸಾವಿರ ರೂಪಾಯಿ ಇಳಿದಿತ್ತು.